ಡಾಕ್ಟರ್ ಚೀಟಿ ಇದ್ದರೂ ಸೌದಿಗೆ ಒಯ್ಯಬಾರದ ಗುಳಿಗೆ, ಸಿರಪ್ಪು

ಪ್ರಶ್ನೆ: ನಮ್ಮದು ಗದಗ. ನನ್ನ ತಮ್ಮ ಇನ್ನ ಎರಡ ತಿಂಗಳದಾಗ ಸೌದಿ ಅರೇಬಿಯಾದ ಜುಬೈಲಿಗೆ ಎಲೆಕ್ಟ್ರಿಷಿಯನ್ ಕೆಲಸಕ್ಕ ಹೊಂಟಾನ. ಅವಂಗ ಒಣ ಕೆಮ್ಮು ಬರತೈತಿ, ಡಾಕ್ಟರ್ ಬರದ ಕೊಡೀನ್ ಸಿರಪ್ ಎರಡ ಬಾಟ್ಲಿ ಅವ್ವ ತಂದಿಟ್ಟಾಳ. ಸೊಂಟನೋವಿಗೆ ಗುಳಿಗಿ ಅದಾವ. ಮನಸ್ಸು ಒಂದ ಕಡೆ ನಿಲ್ಲೂದಿಲ್ಲ ಅಂತ ಧಾರವಾಡದ ಡಾಕ್ಟರ್ ಮಿಥೈಲ್‌ಫೆನಿಡೇಟ್ ಬರದ ಕೊಟ್ಟಾರ. ಏಜೆಂಟಾ "ಚೀಟಿ ಇದ್ರ ಏನೂ ಆಗೂದಿಲ್ಲ" ಅಂತಾನ. ಹೋಳಿ ಹುಣ್ಣಿಮಿಗೆ ಗೆಳೆಯಾರ ಜೋಡಿ ಭಂಗಿ ಬ್ಯಾರೆ ಕುಡದಾನ. ಇಲ್ಲಿ ಅಂಗಡ್ಯಾಗ ಸಿಗೂ ಔಷಧ ಅಲ್ಲಿ ಅಪರಾಧ ಹೆಂಗಾಗತೈತಿ? ಏನ ಒಯ್ಬೇಕು, ಏನ ಬಿಡಬೇಕು?

ಉತ್ತರ: ಏಜೆಂಟ್ ಹೇಳಿದ್ದು ತಪ್ಪು. ಇಲ್ಲಿಯ ಡಾಕ್ಟರ್ ಚೀಟಿ, ನೀವು ಆ ಔಷಧವನ್ನು ಭಾರತದಲ್ಲಿ ಕಾನೂನುಬದ್ಧವಾಗಿ ಕೊಂಡಿದ್ದೀರಿ ಎಂಬುದಕ್ಕಷ್ಟೇ ಸಾಕ್ಷಿ. ಸೌದಿಯ ಒಳಗೆ ತರಲು ಅದು ಅನುಮತಿಯಲ್ಲ. ಆ ಅನುಮತಿಯನ್ನು ಸೌದಿಯವರೇ ಕೊಡಬೇಕು, ಅದೂ ವಿಮಾನ ಹತ್ತುವ ಮೊದಲೇ ಕೈಯಲ್ಲಿರಬೇಕು. ನಿಮ್ಮ ತಮ್ಮನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕೊಡೀನ್ ಸಿರಪ್ಪು ಮನೆಯಲ್ಲೇ ಉಳಿಯಲಿ. ಸೊಂಟನೋವಿನ ಗುಳಿಗೆಯ ಒಳಗೆ ಏನಿದೆ ಎಂದು ಓದಿ ತೀರ್ಮಾನಿಸಿ. ಮಿಥೈಲ್‌ಫೆನಿಡೇಟ್ ಮಾತ್ರ ಸುಮ್ಮನೆ ಬಿಟ್ಟುಬಿಡುವ ಔಷಧವಲ್ಲ, ಅದಕ್ಕೆ ಈ ಎರಡು ತಿಂಗಳು ಬೇಕೇ ಬೇಕು. ಭಂಗಿ ಇವತ್ತಿಗೇ ನಿಲ್ಲಲಿ.

ಮೊದಲು, ಇಲ್ಲಿ ಔಷಧವಾದದ್ದು ಅಲ್ಲಿ ಅಪರಾಧ ಹೇಗಾಗುತ್ತದೆ ಎಂಬುದು. ಮಾದಕವಸ್ತುಗಳ ಬಗ್ಗೆ ಪ್ರಪಂಚದ ಬಹುತೇಕ ದೇಶಗಳು ಒಪ್ಪಿಕೊಂಡ ಎರಡು ಒಪ್ಪಂದಗಳಿವೆ. 1961ರದು ಅಫೀಮು, ಕೊಡೀನ್, ಗಾಂಜಾಗಳಿಗೆ ಸಂಬಂಧಿಸಿದ್ದು. 1971ರದು ಆಂಫೆಟಮಿನ್, ಮಿಥೈಲ್‌ಫೆನಿಡೇಟ್‌ನಂಥ ಉತ್ತೇಜಕಗಳನ್ನೂ ಹಲವು ನಿದ್ರೆ ಗುಳಿಗೆಗಳನ್ನೂ ಒಳಗೊಳ್ಳುತ್ತದೆ. ಈ ಒಪ್ಪಂದಗಳು ಕನಿಷ್ಠ ಇಷ್ಟು ಬಿಗಿ ಇರಲೇಬೇಕು ಎನ್ನುತ್ತವೆಯೇ ಹೊರತು ಇದಕ್ಕಿಂತ ಹೆಚ್ಚು ಬಿಗಿ ಮಾಡಬಾರದು ಎನ್ನುವುದಿಲ್ಲ. ಹಾಗಾಗಿ ಒಂದೇ ಸಿರಪ್ಪಿಗೆ ಒಂದೊಂದು ದೇಶ ಒಂದೊಂದು ಲೆಕ್ಕ ಹಾಕುತ್ತದೆ.

ನಮ್ಮ 1985ರ ಮಾದಕವಸ್ತು ಕಾಯ್ದೆಯಡಿ, ಒಂದು ಡೋಸಿನಲ್ಲಿ 100 ಮಿಲಿಗ್ರಾಮಿಗಿಂತ ಹೆಚ್ಚಿಲ್ಲದ, ದ್ರವದಲ್ಲಿ ಶೇಕಡಾ 2.5 ಮೀರದ ಕೊಡೀನ್ ಇರುವ ಔಷಧಗಳಿಗೆ ವಿನಾಯಿತಿ ಇದೆ. ಸಾಮಾನ್ಯ ಕೊಡೀನ್ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 10 ಮಿಲಿಗ್ರಾಂ ಇರುತ್ತದೆ, ಅಂದರೆ ಶೇಕಡಾ 0.2. ಆದ್ದರಿಂದಲೇ ಅದು ಇಲ್ಲಿ ಔಷಧದಂಗಡಿಯಲ್ಲಿ ಸಿಗುತ್ತದೆ. ಹಾಗೆಂದು ಇಲ್ಲಿಯೂ ಅದು ಬಿಡಿ ಸಾಮಾನಲ್ಲ. ಶೆಡ್ಯೂಲ್ ಎಚ್-1ರಲ್ಲಿರುವ ಕಾರಣ ಅಂಗಡಿಯವರು ರೋಗಿಯ ಮತ್ತು ಡಾಕ್ಟರ ಹೆಸರನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಇನ್ನು ಅದೇ ಬಾಟಲಿಯನ್ನು ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮೇಲೆ ಇಟ್ಟು ನೋಡಿ. 100 ಮಿಲಿಲೀಟರಿನಲ್ಲಿ 200 ಮಿಲಿಗ್ರಾಂ, ಎರಡು ಬಾಟಲಿಯಲ್ಲಿ 400 ಮಿಲಿಗ್ರಾಂ ಕೊಡೀನ್. ನಿಮ್ಮ ಅವ್ವನಿಗೆ ಕಾಣುವುದು ಕೆಮ್ಮು ಬಂದಾಗಿನ ಒಂದು ಚಮಚ, ಅಧಿಕಾರಿಗೆ ಕಾಣುವುದು ಅನುಮತಿ ಇಲ್ಲದೆ ಬಂದ ಅಫೀಮು ಜಾತಿಯ ವಸ್ತು.

ಅವರ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಕೊಡೀನ್ ಅಫೀಮಿನ ಗಿಡದಲ್ಲೇ ಇರುವ ಅಂಶ. ಹೊಟ್ಟೆಗೆ ಹೋದ ಮೇಲೆ ಅದರ ಸುಮಾರು ಹತ್ತನೇ ಒಂದು ಪಾಲನ್ನು ಪಿತ್ತಜನಕಾಂಗ ಮಾರ್ಫಿನ್ ಮಾಡುತ್ತದೆ, ನೋವು ಕಡಿಮೆಯಾಗುವುದು ಮುಖ್ಯವಾಗಿ ಆ ಮಾರ್ಫಿನ್ನಿಂದ. ಬಾಟಲಿಗಟ್ಟಲೆ ಕುಡಿದರೆ ಅಮಲೇರುತ್ತದೆ, ಚಟ ಹತ್ತುತ್ತದೆ. ಭಾರತದ ಕೊಡೀನ್ ಸಿರಪ್ಪು ಬಾಂಗ್ಲಾದೇಶಕ್ಕೆ ಕಳ್ಳದಾರಿಯಲ್ಲಿ ಹೋಗುವುದು ಎಷ್ಟೋ ವರ್ಷಗಳಿಂದ ನಡೆದಿದೆ. ಯುವಕರಲ್ಲಿ ಚಟ ಹೆಚ್ಚಿತೆಂದು ನೈಜೀರಿಯಾ 2018ರಲ್ಲಿ ಕೊಡೀನ್ ಸಿರಪ್ಪಿನ ತಯಾರಿಕೆ, ಆಮದುಗಳನ್ನೇ ನಿಷೇಧಿಸಿತು. ಇನ್ನೊಂದು ತೊಡಕೂ ಇದೆ. ಸಿರಪ್ಪು ಕುಡಿದವನ ಮೂತ್ರ ಪರೀಕ್ಷೆ ಎರಡು ಮೂರು ದಿನದವರೆಗೂ ಅಫೀಮು ವರ್ಗಕ್ಕೆ ಪಾಸಿಟಿವ್ ಬರಬಹುದು, ಮಾರ್ಫಿನ್ ಸಹ ಕಾಣಬಹುದು. ಕೆಲಸಕ್ಕೆ ಸೇರುವಾಗ ಕಂಪನಿ ಇಂಥ ಪರೀಕ್ಷೆ ಮಾಡಿಸಿದರೆ ಕೆಮ್ಮಿನ ಸಿರಪ್ಪು ಎಂದು ವಿವರಿಸುವ ಹೊಣೆ ಹುಡುಗನ ಮೇಲೆ ಬೀಳುತ್ತದೆ.

ಉತ್ತೇಜಕಗಳ ವಿಷಯದಲ್ಲಿ ಸೌದಿ ಇಷ್ಟು ಗಟ್ಟಿಯಾಗಿ ನಿಲ್ಲಲು ಬೇರೆಯದೇ ಕಾರಣವಿದೆ. ಕ್ಯಾಪ್ಟಗಾನ್ ಎಂಬುದು 1960ರ ದಶಕದಲ್ಲಿ ಜರ್ಮನಿಯಲ್ಲಿ ಔಷಧವಾಗಿಯೇ ಹುಟ್ಟಿದ ಗುಳಿಗೆ. ಅದರ ಮೂಲವಸ್ತು 1986ರಲ್ಲಿ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಬಂತು, ಔಷಧ ನಿಂತಿತು, ಹೆಸರು ಉಳಿಯಿತು. ಈಗ ಆ ಹೆಸರಿನಲ್ಲಿ ಕಳ್ಳ ಕಾರ್ಖಾನೆಗಳು ತಯಾರಿಸುವುದು ಹೆಚ್ಚಾಗಿ ಆಂಫೆಟಮಿನ್ ಮತ್ತು ಕೆಫೀನ್ ಬೆರಕೆ. ಸಿರಿಯಾ, ಲೆಬನಾನ್ ಕಡೆಯಿಂದ ಬರುವ ಈ ಗುಳಿಗೆಗೆ ಸೌದಿಯೇ ದೊಡ್ಡ ಮಾರುಕಟ್ಟೆ. 2021ರ ಏಪ್ರಿಲ್‌ನಲ್ಲಿ ದಾಳಿಂಬೆ ಹಣ್ಣುಗಳ ಒಳಗೆ ತುಂಬಿ ಕಳಿಸಿದ್ದ 50 ಲಕ್ಷಕ್ಕೂ ಹೆಚ್ಚು ಗುಳಿಗೆ ಸಿಕ್ಕ ಮೇಲೆ ಸೌದಿ ಲೆಬನಾನಿನ ಹಣ್ಣು ತರಕಾರಿಗಳ ಆಮದನ್ನೇ ನಿಲ್ಲಿಸಿತು. ಅಂಥ ನೆಲದಲ್ಲಿ ಆಂಫೆಟಮಿನ್‌ಗೆ ಹತ್ತಿರದ ಗುಣದ ಮಿಥೈಲ್‌ಫೆನಿಡೇಟ್ ಕಾಗದವಿಲ್ಲದೆ ಸಿಕ್ಕರೆ ಯಾರೂ ಹಗುರವಾಗಿ ನೋಡುವುದಿಲ್ಲ. ಮಾದಕವಸ್ತು ಸಾಗಣೆಗೆ ಅಲ್ಲಿ ಮರಣದಂಡನೆಯೂ ಇದೆ. ನಿಮ್ಮ ತಮ್ಮನಿಗೆ ಇದೊಂದು ಮಾತು ಈಗಲೇ ಹೇಳಿಬಿಡಿ: ರಾತ್ರಿ ಪಾಳಿಯಲ್ಲಿ ನಿದ್ದೆ ಬರಬಾರದೆಂದು ಯಾರಾದರೂ ಗುಳಿಗೆ ಕೊಟ್ಟರೆ ಮುಟ್ಟಬಾರದು. ಎರಡು ಅರ್ಧಚಂದ್ರದ ಗುರುತಿರುವ ಗುಳಿಗೆಗೆ ಅಲ್ಲಿ ಅಬು ಹಿಲಾಲೈನ್ ಅನ್ನುತ್ತಾರೆ, ಅದು ಕ್ಯಾಪ್ಟಗಾನ್. ಗುರುತಿಲ್ಲದ್ದೂ ಅದೇ ಇರಬಹುದು.

ಒಂದು ದೇಶದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ ಎನ್ನಲು ಜಪಾನ್ ಒಳ್ಳೆಯ ಉದಾಹರಣೆ. ಶೇಕಡಾ 1 ಮೀರದ ಕೊಡೀನ್ ಔಷಧವನ್ನು ಜಪಾನ್ ಮಾದಕವಸ್ತುವೆಂದು ಎಣಿಸುವುದಿಲ್ಲ. ಅದೇ ಜಪಾನಿಗೆ ಆಂಫೆಟಮಿನ್ ಗುಳಿಗೆಯನ್ನು ಯಾವ ಡಾಕ್ಟರ್ ಚೀಟಿ ಇದ್ದರೂ ಒಯ್ಯುವಂತಿಲ್ಲ. ಅದಕ್ಕೇ ಜಪಾನಿಗೆ ಹೋಗಿ ಬಂದವರ ಅನುಭವ ಸೌದಿಗೆ ಹೋಗುವವರಿಗೆ ನೆರವಾಗದು, ದುಬೈಯಲ್ಲಿರುವ ಸಂಬಂಧಿಕರ ಮಾತೂ ಅಷ್ಟೇ.

ಈಗ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಕಡೆ ಹರವಿ ಕುಳಿತುಕೊಳ್ಳಿ. ದೊಡ್ಡ ಅಕ್ಷರದ ಹೆಸರು ಕಂಪನಿ ಇಟ್ಟದ್ದು, ಅದು ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಅಂಶಗಳ ಹೆಸರೂ ಮಿಲಿಗ್ರಾಂ ಲೆಕ್ಕವೂ ಇರುತ್ತದೆ, ನೋಡಬೇಕಾದದ್ದು ಅದನ್ನು. ಗುಳಿಗೆ ಪಟ್ಟಿಯ ಎಡ ಮೂಲೆಯ ಗುರುತೂ ಬಹಳ ಹೇಳುತ್ತದೆ. ಬರೀ ಆರ್‌ಎಕ್ಸ್ ಇದ್ದರೆ ಡಾಕ್ಟರ್ ಚೀಟಿ ಬೇಕಾದ ಔಷಧ. ಅದರ ಮುಂದೆ ಕೆಂಪಿನಲ್ಲಿ ಎನ್ ಸೇರಿದ್ದರೆ ಮಾದಕವಸ್ತು ಕಾಯ್ದೆಗೆ ಒಳಪಟ್ಟದ್ದು. ಕೆಂಪಿನ ಎಕ್ಸ್ ಸೇರಿದ್ದರೆ ಶೆಡ್ಯೂಲ್ ಎಕ್ಸ್‌ನದ್ದು, ಮಿಥೈಲ್‌ಫೆನಿಡೇಟ್ ಈ ಗುಂಪಿನದು. ಎನ್ ಅಥವಾ ಎಕ್ಸ್ ಕಂಡರೆ ಅನುಮತಿ ಇಲ್ಲದೆ ಒಯ್ಯುವ ಮಾತೇ ಇಲ್ಲ.

ಆದರೆ ಆ ಗುರುತು ಇಲ್ಲ ಎಂದ ಮಾತ್ರಕ್ಕೆ ನೆಮ್ಮದಿಯಾಗಿ ಕೂಡಬೇಡಿ. ನಮ್ಮ ಕಡೆ ಸೊಂಟನೋವು ಕಾಲಿಗೆ ಇಳಿದು ಜುಮ್ ಅನ್ನುತ್ತದೆ ಎಂದರೆ ಪ್ರಿಗಾಬಲಿನ್ ಮತ್ತು ಮಿಥೈಲ್‌ಕೊಬಾಲಮಿನ್ ಸೇರಿದ ಕ್ಯಾಪ್ಸೂಲ್ ಬರೆಯುವುದು ತೀರಾ ಸಾಮಾನ್ಯ. ನಮ್ಮಲ್ಲಿ ಅದನ್ನು ನರಕ್ಕೆ ಶಕ್ತಿ ಕೊಡುವ ವಿಟಮಿನ್ ಗುಳಿಗೆ ಎಂದೇ ಬಹಳ ಜನ ತಿಳಿದಿದ್ದಾರೆ. ಮಿಥೈಲ್‌ಕೊಬಾಲಮಿನ್ ವಿಟಮಿನ್ನೇ ಹೌದು, ಪ್ರಿಗಾಬಲಿನ್ ಸೌದಿಯಲ್ಲೂ ಯುಎಇಯಲ್ಲೂ ನಿಯಂತ್ರಿತ ಔಷಧ. ಸೊಂಟನೋವಿನ ಇನ್ನೊಂದು ಸಾಮಾನ್ಯ ಗುಳಿಗೆಯಲ್ಲಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಟ್ರಮಡಾಲನ್ನು ಭಾರತವೇ 2018ರಲ್ಲಿ ಮಾದಕವಸ್ತು ಕಾಯ್ದೆಗೆ ಸೇರಿಸಿತು. ಇವೆರಡರಲ್ಲಿ ಯಾವುದಿದ್ದರೂ ಡಾಕ್ಟರ ಹತ್ತಿರ ಹೋಗಿ, ಸೌದಿಗೆ ಹೋಗುತ್ತಿದ್ದಾನೆ ಎಂದು ಹೇಳಿ, ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಸಾಲುತ್ತದೆಯೇ ಎಂದು ಕೇಳಿ. ಪ್ರಿಗಾಬಲಿನ್ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಕೆಮ್ಮಿಗೂ ಕೊಡೀನ್ ಇಲ್ಲದ ಔಷಧಗಳಿವೆ. ಲೆವೊಡ್ರೊಪ್ರೊಪಿಜಿನ್ ಒಂದು, ಅದು ಅಫೀಮು ಜಾತಿಯದಲ್ಲ. ಮತ್ತೆ ಮತ್ತೆ ಬರುವ ಒಣ ಕೆಮ್ಮು ಅಲರ್ಜಿಯದೋ ಆಸ್ತಮಾದ್ದೋ ಆಗಿದ್ದರೆ ಕೊಡೀನ್ ಅದನ್ನು ವಾಸಿ ಮಾಡುವುದೂ ಇಲ್ಲ. ಹೋಗುವ ಮೊದಲೇ ಕಾರಣ ಗೊತ್ತಾದರೆ ಅವನಿಗೆ ಇನ್‌ಹೇಲರ್ ಒಂದೇ ಸಾಕಾದೀತು.

ಮಿಥೈಲ್‌ಫೆನಿಡೇಟಿಗೆ ಎರಡು ದಾರಿಗಳಿವೆ. ಒಂದು, ಸೌದಿಯ ಆಹಾರ ಮತ್ತು ಔಷಧ ಪ್ರಾಧಿಕಾರದ ಅನುಮತಿ ಪಡೆದು ಒಯ್ಯುವುದು. ಪ್ರಾಧಿಕಾರದ ನಿಯಂತ್ರಿತ ಔಷಧಗಳ ಜಾಲತಾಣ cds.sfda.gov.sa. ಅದರಲ್ಲಿ ಪ್ರಯಾಣಿಕನ ಖಾತೆ ತೆರೆದು ಪಾಸ್‌ಪೋರ್ಟ್, ಪ್ರಯಾಣದ ವಿವರ, ಡಾಕ್ಟರ್ ಚೀಟಿ, ವೈದ್ಯಕೀಯ ವರದಿ, ಔಷಧದ ವಿವರ ಹಾಕಿ ಅರ್ಜಿ ಕೊಡಬೇಕು. ಅನುಮತಿ ಸಾಮಾನ್ಯವಾಗಿ 30 ದಿನಕ್ಕೆ ಬೇಕಾಗುವಷ್ಟಕ್ಕೆ ಸಿಗುತ್ತದೆ, ಉಳಿಯುವುದು ಅದಕ್ಕಿಂತ ಕಡಿಮೆ ದಿನವಾದರೆ ಅಷ್ಟು ದಿನಕ್ಕೆ.

ಅರ್ಜಿ ಕೆಡುವುದು ಹೆಚ್ಚಾಗಿ ವೈದ್ಯಕೀಯ ವರದಿಯಲ್ಲಿ. ಒಪಿಡಿ ಚೀಟಿಯ ಮೇಲೆ ಗೀಚಿದ ಎರಡು ಸಾಲು ನಡೆಯುವುದಿಲ್ಲ. ಡಾಕ್ಟರ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ. ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದಂತೆ ಹಾಗೇ ಇರಲಿ. ನಮ್ಮ ಕಡೆ ಪಾಸ್‌ಪೋರ್ಟಿನಲ್ಲಿ ತಂದೆ ಹೆಸರು, ಅಡ್ಡಹೆಸರು ಎಲ್ಲ ಸೇರಿ ಉದ್ದ ಇರುತ್ತದೆ, ದವಾಖಾನೆ ಕಾಗದದಲ್ಲಿ ಬರೀ ಕರೆಯುವ ಹೆಸರು ಇರುತ್ತದೆ. ಹೀಗಾದರೆ ನೋಡುವವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಕಾಯಿಲೆಯ ಹೆಸರು, ಔಷಧದ ಮೂಲ ಹೆಸರು, ಒಂದು ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಗುಳಿಗೆ, ಎಷ್ಟು ದಿನಕ್ಕೆ, ಒಟ್ಟು ಎಷ್ಟು ಎಂಬುದು, ಕೊನೆಗೆ ತಾರೀಖು, ಸಹಿ, ಮೊಹರು, ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಅವನು 10 ಮಿಲಿಗ್ರಾಮಿನ ಗುಳಿಗೆ ದಿನಕ್ಕೆ ಎರಡು ತೆಗೆದುಕೊಳ್ಳುತ್ತಾನೆ ಎಂದುಕೊಳ್ಳಿ. 30 ದಿನಕ್ಕೆ 60 ಗುಳಿಗೆ, ಅಂದರೆ 600 ಮಿಲಿಗ್ರಾಂ, ಹತ್ತರ ಪಟ್ಟಿ ಆರು. ವರದಿ, ಚೀಟಿ, ಅರ್ಜಿ, ಚೀಲ ನಾಲ್ಕರಲ್ಲೂ ಇದೇ ಸಂಖ್ಯೆ ಇರಬೇಕು. ಇರಲಿ ಎಂದು ಇನ್ನು ಮೂರು ಪಟ್ಟಿ ತುರುಕಿದರೆ 60ಕ್ಕೆ ಅನುಮತಿ ಇದ್ದು 90 ಸಿಕ್ಕಂತಾಗುತ್ತದೆ. ಹೆಚ್ಚಿನ ಆ 30 ಗುಳಿಗೆಗೆ ಯಾವ ಕಾಗದವೂ ರಕ್ಷಣೆ ಕೊಡುವುದಿಲ್ಲ, ಜೊತೆಗೆ ಉಳಿದ 60ರ ಮೇಲೂ ಸಂಶಯ ಬರುತ್ತದೆ. ಪಟ್ಟಿ ಕತ್ತರಿಸಬೇಡಿ, ಗುಳಿಗೆ ಬಿಡಿಸಿ ಡಬ್ಬಿಗೆ ಹಾಕಬೇಡಿ. ಕತ್ತರಿಸಿದ ಪಟ್ಟಿಯಲ್ಲಿ ಔಷಧದ ಹೆಸರೋ ಬ್ಯಾಚ್ ಸಂಖ್ಯೆಯೋ ಹಾರಿಹೋಗಿರುತ್ತದೆ. ಮೂಲ ಪೆಟ್ಟಿಗೆ, ಅಂಗಡಿಯ ಬಿಲ್ಲು, ಅನುಮತಿಯ ಪ್ರತಿ ಒಟ್ಟಿಗೆ ಕೈಚೀಲದಲ್ಲಿರಲಿ.

ಆ 30 ದಿನ ಮುಗಿದ ಮೇಲೆ ಏನು? ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿಯೇ. ಅಲ್ಲಿ ಡಾಕ್ಟರಿಗೆ ತೋರಿಸಲು ಸಾಮಾನ್ಯವಾಗಿ ವಿಮೆಯೂ ಇಕಾಮಾ ಎಂಬ ವಾಸದ ಪರವಾನಗಿಯೂ ಬೇಕಾಗುತ್ತದೆ. ಹೊಸಬರಿಗೆ ಇಕಾಮಾ ಕೈಗೆ ಬರಲು ವಾರಗಟ್ಟಲೆ ಹಿಡಿಯುವುದುಂಟು. ಗುಳಿಗೆ ಮುಗಿದು ಇವು ಕೈಗೆ ಬಾರದ ಆ ನಡುವಿನ ದಿನಗಳಲ್ಲಿ ಹುಡುಗ ಮನೆಗೆ ಫೋನ್ ಮಾಡುತ್ತಾನೆ, ಮನೆಯವರು ಕೊರಿಯರ್ ಮಾಡುತ್ತಾರೆ ಅಥವಾ ಹೊರಟವರ ಕೈಯಲ್ಲಿ ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಕ್ಕ ಅನುಮತಿ ಅವನು ತನ್ನ ಜೊತೆ ಒಯ್ದದ್ದಕ್ಕೆ ಮಾತ್ರ. ಪಾರ್ಸೆಲ್‌ನಲ್ಲಿ ಬಂದ ಗುಳಿಗೆ ಅಲ್ಲಿ ಬೇರೆಯೇ ಪ್ರಕರಣವಾಗುತ್ತದೆ. ಅವನ ಹೆಸರಿಗೆ ಬಂದರೆ ಅವನು, ಬೇರೆಯವರ ಕೈಯಲ್ಲಿ ಕಳಿಸಿದರೆ ಆ ಪಾಪದ ಮನುಷ್ಯ ಸಿಕ್ಕಿಕೊಳ್ಳುತ್ತಾನೆ.

ಅದಕ್ಕೇ ಎರಡನೆಯ ದಾರಿಯ ಬಗ್ಗೆ ಧಾರವಾಡದ ಡಾಕ್ಟರ ಹತ್ತಿರ ಈ ವಾರವೇ ಮಾತಾಡಿ. ಅಟೊಮೊಕ್ಸೆಟಿನ್ ಎಂಬ ಔಷಧ ಇದೇ ತೊಂದರೆಗೆ ಕೊಡುವಂಥದ್ದು. ಅದು ಉತ್ತೇಜಕವಲ್ಲ, 1971ರ ಒಪ್ಪಂದದ ಪಟ್ಟಿಯಲ್ಲೂ ಇಲ್ಲ. ಆದರೂ ಸೌದಿಯ ಪಟ್ಟಿಯಲ್ಲಿ ಅದರ ಹೆಸರನ್ನು ಹುಡುಕಿಯೇ ಒಯ್ಯಬೇಕು. ಅದರ ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು, ಮೊದಮೊದಲು ಹೊಟ್ಟೆ ತೊಳಸುವುದು, ಹಸಿವು ಕಡಿಮೆಯಾಗುವುದು ಇರುತ್ತದೆ. ಈಗ ಶುರು ಮಾಡಿದರೆ ಅದು ಒಗ್ಗುತ್ತದೆಯೋ ಇಲ್ಲವೋ ಎಂಬುದು ಗದಗಿನಲ್ಲಿರುವಾಗಲೇ ತಿಳಿಯುತ್ತದೆ. ಹೊರಡಲು ಹತ್ತು ದಿನ ಇದ್ದಾಗ ಬದಲಿಸಿದರೆ ಹೊಸ ಊರು, ಹೊಸ ಕೆಲಸ, ಕರೆಂಟಿನ ಜೊತೆಗಿನ ಕೆಲಸ ಬೇರೆ. ಏಕಾಗ್ರತೆ ತಪ್ಪಿದರೆ ಎಲೆಕ್ಟ್ರಿಷಿಯನ್ನನ ಜೀವಕ್ಕೇ ಬಂದೀತು. ಯಾವ ದಾರಿ ಎಂಬ ತೀರ್ಮಾನ ಡಾಕ್ಟರದು, ನೀವೇ ಗುಳಿಗೆ ನಿಲ್ಲಿಸಬೇಡಿ.

ಭಂಗಿಯ ವಿಷಯ. ನಮ್ಮ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂ ಕಾಯಿ ಬಿಟ್ಟ ತುದಿ. ತುದಿ ಸೇರದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ, ಎಲೆಯ ಭಂಗಿಯನ್ನು ರಾಜ್ಯಗಳು ತಮ್ಮ ನಿಯಮದಂತೆ ನೋಡಿಕೊಳ್ಳುತ್ತವೆ. 1961ರ ಒಪ್ಪಂದದಲ್ಲೂ ಇದೇ ವಿಂಗಡಣೆ ಇದೆ. ಕೊಲ್ಲಿ ದೇಶದ ಅಧಿಕಾರಿಯ ಮುಂದೆ ಎಲೆ, ಹೂವು ಎಂದು ವಾದಿಸಿ ಪ್ರಯೋಜನವಿಲ್ಲ, ಮೂತ್ರ ಪರೀಕ್ಷೆಯೂ ಎರಡನ್ನೂ ಬೇರೆ ಮಾಡುವುದಿಲ್ಲ. ಗಾಂಜಾದ ಅಮಲಿನ ಅಂಶ ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನಕ್ಕೆ ಹೊರಬೀಳುತ್ತದೆ. ಎಂದೋ ಒಮ್ಮೆ ಕುಡಿದವನಲ್ಲಿ ಕೆಲವೇ ದಿನ, ದಿನಾ ಸೇದುವವನಲ್ಲಿ ಒಂದು ತಿಂಗಳು ಮತ್ತು ಅದಕ್ಕೂ ಮೇಲೆ ಪಾಸಿಟಿವ್ ಬರಬಹುದು. ಹೋಳಿಗೆ ಒಮ್ಮೆ ಕುಡಿದು ಎರಡು ತಿಂಗಳು ಬಿಟ್ಟರೆ ನಿಮ್ಮ ತಮ್ಮನಿಗೆ ತೊಂದರೆ ಇರಲಾರದು. ನಿಂಬೆರಸ, ಹರ್ಬಲ್ ಟೀ ಕುಡಿದರೆ ತೊಳೆದುಹೋಗುತ್ತದೆ ಎನ್ನುವುದನ್ನು ನಂಬಬೇಡಿ, ಬಿಟ್ಟ ದಿನಗಳಷ್ಟೇ ಲೆಕ್ಕ. ಅವನು ಭಂಗಿ, ಗಾಂಜಾ ಇಟ್ಟಿದ್ದ ಚೀಲವೋ ಅಂಗಿಯೋ ಇದ್ದರೆ ಅದನ್ನು ಒಯ್ಯಲೇಬಾರದು. 2008ರಲ್ಲಿ ದುಬೈ ವಿಮಾನ ನಿಲ್ದಾಣದಲ್ಲಿ ಒಬ್ಬ ಬ್ರಿಟಿಷ್ ಪ್ರಯಾಣಿಕನ ಬೂಟಿನ ಅಡಿಗೆ ಅಂಟಿದ್ದ 0.003 ಗ್ರಾಂ ಗಾಂಜಾಕ್ಕೆ ನಾಲ್ಕು ವರ್ಷ ಶಿಕ್ಷೆಯಾಗಿತ್ತು, ಆಮೇಲೆ ಕ್ಷಮೆ ಸಿಕ್ಕಿತು. ಅಲ್ಲಿಯ ಕಾನೂನು ಆ ಮೇಲೆ ಬದಲಾಗಿದೆ, ಆದರೂ ಎಷ್ಟು ಸಣ್ಣ ಕಣ ಸಾಕಾಯಿತು ನೋಡಿ.

ಆಯುರ್ವೇದ ಎಂದು ಮೈಮರೆಯುವಂತೆಯೂ ಇಲ್ಲ. ವಿಜಯಾ ಎಂಬ ಹೆಸರು ಕಂಡರೆ ಅದು ಭಂಗಿ, ಅಹಿಫೇನ ಕಂಡರೆ ಅಫೀಮು. ಜಾತೀಫಲಾದಿ ಚೂರ್ಣದಲ್ಲಿ ಮೊದಲನೆಯದು, ಕಾಮಿನಿ ವಿದ್ರಾವಣ ರಸದಲ್ಲಿ ಎರಡನೆಯದು ಇರುತ್ತದೆ. ಗಸಗಸೆಯೂ ಅಫೀಮಿನ ಗಿಡದ್ದೇ ಬೀಜ. ಸೌದಿ, ಯುಎಇ, ಕತಾರಗಳಲ್ಲಿ ಅದು ನಿಷಿದ್ಧ. ಹೀಗಾಗಿ ಅವ್ವ ಕಟ್ಟಿಕೊಡುವ ಅಂಟಿನ ಉಂಡಿಗೂ ಕರ್ಚಿಕಾಯಿಗೂ ಗಸಗಸೆ ಹಾಕಬಾರದು, ಅನಾರಸಕ್ಕೆ ಹಚ್ಚಬಾರದು. ಅಂಗಡಿಯ ಕರದಂಟು ಒಯ್ಯುವುದಾದರೆ ಪೆಟ್ಟಿಗೆಯ ಮೇಲಿನ ಸಾಮಗ್ರಿ ಪಟ್ಟಿ ಓದಿ.

ಮತ್ತೊಬ್ಬರ ಗಂಟು ಹೊರುವುದನ್ನೂ ಗಟ್ಟಿಯಾಗಿ ನಿರಾಕರಿಸಲಿ, ಕೊಟ್ಟವರು ಸ್ವಂತ ಅತ್ತೆ ಮಾವ ಆದರೂ ಸರಿ. 2019ರಲ್ಲಿ ಮುಂಬೈಯ ಒಂದು ಜೋಡಿ ಸಂಬಂಧಿಕರು ಕೊಟ್ಟ ಗಂಟು ಹೊತ್ತು ದೋಹಾದಲ್ಲಿ ಇಳಿಯಿತು, ಒಳಗೆ ನಾಲ್ಕು ಕಿಲೋಗೂ ಹೆಚ್ಚು ಚರಸ್ ಇತ್ತು. ಹತ್ತು ವರ್ಷ ಶಿಕ್ಷೆಯಾಯಿತು. ಮೋಸ ಹೋದವರು ಎಂದು ಭಾರತದ ಮಾದಕವಸ್ತು ನಿಯಂತ್ರಣ ಇಲಾಖೆ ತನಿಖೆ ಮಾಡಿ ತೋರಿಸಿ ಅವರು ಬಿಡುಗಡೆಯಾಗುವ ಹೊತ್ತಿಗೆ 2021 ಬಂದಿತ್ತು, ಮಗು ಜೈಲಿನಲ್ಲೇ ಹುಟ್ಟಿತ್ತು.

ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಹೊರಟು ನಡುವೆ ದುಬೈ, ದೋಹಾದಲ್ಲಿ ವಿಮಾನ ಬದಲಿಸುವಂತಿದ್ದರೆ ಅಲ್ಲಿಯ ಕಾನೂನೂ ಅವನಿಗೆ ಅನ್ವಯಿಸುತ್ತದೆ, ಸೌದಿಯ ಅನುಮತಿ ಅಲ್ಲಿ ನಡೆಯುವುದಿಲ್ಲ. ನಿಯಂತ್ರಿತ ಔಷಧ ಒಯ್ಯುವುದಾದರೆ ಸೌದಿಗೆ ನೇರ ಹೋಗುವ ವಿಮಾನವನ್ನೇ ಮಾಡಿಸಿ. ಇಳಿದ ಮೇಲೆ ಯಾರೂ ಕೇಳುವ ಮೊದಲೇ ಕಸ್ಟಮ್ಸ್‌ನವರಿಗೆ ಅನುಮತಿ ಪತ್ರ, ಔಷಧ ಎರಡನ್ನೂ ತೋರಿಸಲಿ. ಅಕಸ್ಮಾತ್ ತಡೆದು ನಿಲ್ಲಿಸಿದರೆ ಸುಳ್ಳು ಹೇಳದೆ, ಓದಲು ಬಾರದ ಅರಬ್ಬಿ ಕಾಗದಕ್ಕೆ ಸಹಿ ಹಾಕದೆ, ದುಭಾಷಿ ಬೇಕು, ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳಲಿ. ಹಾಗೆ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಂತೆ ಅವನಿಗಿದೆ. ಜುಬೈಲ್ ರಿಯಾದಿನ ರಾಯಭಾರ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಅದರ ಫೋನ್ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ, ಯಾಕೆಂದರೆ ಅಂಥ ಹೊತ್ತಿನಲ್ಲಿ ಮೊದಲು ಕಸಿದುಕೊಳ್ಳುವುದು ಮೊಬೈಲನ್ನೇ.